ಕರಾವಳಿಯ ಬೆವರು, ಚರ್ಮದ ವಾಚ್ ಬೆಲ್ಟ್

ಪ್ರಶ್ನೆ: ಸರ್, ನಾನು ಸುರತ್ಕಲ್‌ನವನು. ದಿನಾ ಸ್ಕೂಟರಿನಲ್ಲಿ ಮಂಗಳೂರಿಗೆ ಹೋಗಿ ಬರುತ್ತೇನೆ. ಆಫೀಸಿನಲ್ಲಿ ಎಸಿ ಇದೆ. ಅಪ್ಪನ ಹಳೆಯ ಎಚ್‌ಎಂಟಿ ವಾಚಿಗೆ ಚರ್ಮದ ಬೆಲ್ಟ್ ಹಾಕಿಸಿದ್ದೇನೆ. ಒಂದೂವರೆ ವರ್ಷದಲ್ಲಿ ಇದು ಮೂರನೆಯದು. ಒಳಗೆ ಕಪ್ಪಾಗಿ ವಾಸನೆ ಬರುತ್ತದೆ, ತೂತಿನ ಹತ್ತಿರ ಬಿರಿದಿದೆ, ಕಪಾಟಿನಲ್ಲಿ ಇಟ್ಟರೆ ಬಿಳಿ ಪುಡಿ ಕೂರುತ್ತದೆ. ತೆಂಗಿನೆಣ್ಣೆ ಹಚ್ಚಿದೆ, ಇನ್ನೂ ಹಾಳಾಯಿತು. ಈಗ ಕೈಯೂ ತುರಿಸುತ್ತದೆ. ಚರ್ಮ ಬಿಟ್ಟು ಸಿಲಿಕೋನ್ ಅಥವಾ ನೈಲಾನ್ ಹಾಕಬೇಕಾ?

ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ನಿಮಗೆ ಚರ್ಮದ ಬೆಲ್ಟ್ ಬೇಡ. ಉಳಿದ ತಿಂಗಳು ಹಾಕಬಹುದು. ಆದರೆ ಈಗ ನೋಡಿಕೊಳ್ಳುತ್ತಿರುವ ರೀತಿ ಬದಲಾಗಬೇಕು. ಮಳೆಗಾಲಕ್ಕೆ ಸಿಲಿಕೋನ್, ಮಾರ್ಚ್‌ನಿಂದ ಮೇ ತನಕದ ಸೆಕೆಗೆ ನೈಲಾನ್. ಇನ್ನೊಂದು ಮಾತು, ಇದು ನೀವು ಕೇಳದ್ದು: ಅಪ್ಪನ ವಾಚನ್ನು ಯಾವ ಬೆಲ್ಟ್ ಹಾಕಿದರೂ ಮಳೆಗೆ ಒಡ್ಡಬೇಡಿ.

ನನ್ನ ಅಂಗಡಿ ಉಡುಪಿಯಲ್ಲಿದೆ. ವಾಚ್ ರಿಪೇರಿ, ಬೆಲ್ಟ್ ಬದಲಾವಣೆ, ಇದೇ ಕೆಲಸ. ಆಗಸ್ಟ್ ಬಂತೆಂದರೆ ನಿಮ್ಮಂಥವರು ದಿನಕ್ಕೆ ಒಬ್ಬರಾದರೂ ಬರುತ್ತಾರೆ. ಎಲ್ಲರೂ ಹೇಳುವುದು ಒಂದೇ: "ಒಣಗಿಸಿಯೇ ಇಟ್ಟಿದ್ದೆ, ಆದರೂ ಹಾಳಾಯಿತು." ಅವರು ಸುಳ್ಳು ಹೇಳುತ್ತಿಲ್ಲ. ಒಣಗಿಸಿಯೇ ಇರುತ್ತಾರೆ. ತಪ್ಪು ಬೇರೆ ಕಡೆ ಇದೆ.

ನಿಮ್ಮ ಮನೆಯ ಉಪ್ಪಿನ ಭರಣಿ ನೆನಪು ಮಾಡಿಕೊಳ್ಳಿ. ಮಾರ್ಚ್‌ನಲ್ಲಿ ಉಪ್ಪು ಪುಡಿಪುಡಿಯಾಗಿ ಬೀಳುತ್ತದೆ. ಜುಲೈಯಲ್ಲಿ ಅದೇ ಉಪ್ಪು ನೀರು ಬಿಡುತ್ತದೆ, ಅಲ್ವಾ? ಭರಣಿಗೆ ಯಾರೂ ನೀರು ಹಾಕಿರುವುದಿಲ್ಲ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗತೊಡಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ 75ರ ಕೆಳಗೆ ಇಳಿಯುವುದೇ ಅಪರೂಪ.

ಬೆವರಿನಲ್ಲಿ ಇರುವುದೂ ಇದೇ ಉಪ್ಪು. ದಿನವಿಡೀ ಬೆಲ್ಟಿನ ಒಳಮೈ ಬೆವರು ಹೀರುತ್ತದೆ. ರಾತ್ರಿ ಫ್ಯಾನಿನ ಕೆಳಗಿಟ್ಟರೆ ನೀರು ಹಾರಿಹೋಗುತ್ತದೆ, ಉಪ್ಪು ಚರ್ಮದೊಳಗೇ ಉಳಿಯುತ್ತದೆ. ಮಾರನೆಯ ದಿನ ಇನ್ನಷ್ಟು ಸೇರುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ನಿಮ್ಮ ಬೆಲ್ಟೇ ಒಂದು ಸಣ್ಣ ಉಪ್ಪಿನ ಭರಣಿ. ಆಮೇಲೆ ನೀವು ವಾಚ್ ಕಟ್ಟದೆ ಕಪಾಟಿನಲ್ಲಿ ಇಟ್ಟರೂ ಅದು ತಾನಾಗಿ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗಿರುತ್ತದೆ. ಒದ್ದೆ ಇದ್ದಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಎರಡೂ ಬರುತ್ತವೆ. ವಾಸನೆ ಬರುವುದು ಅಲ್ಲಿಂದ. ಹಸಿ ಬೆವರಿಗೆ ಅಷ್ಟು ವಾಸನೆ ಇಲ್ಲ. ಬ್ಯಾಕ್ಟೀರಿಯಾ ಅದನ್ನು ತಿಂದು ಬಿಟ್ಟದ್ದಕ್ಕೆ ವಾಸನೆ.

ತೂತಿನ ಹತ್ತಿರ ಬಿರಿಯುವುದಕ್ಕೂ ಇದರ ಪಾಲಿದೆ. ನೀವು ದಿನಾ ಹಾಕುವ ತೂತು ಮತ್ತು ವಾಚಿನ ಕೊಂಬಿನ, ಅಂದರೆ ಬೆಲ್ಟ್ ಸಿಕ್ಕಿಸಲು ವಾಚಿನಿಂದ ಚಾಚಿರುವ ತುದಿಯ, ಪಕ್ಕದ ತಿರುವು, ಈ ಎರಡೇ ಕಡೆ ಬೆಲ್ಟ್ ಜಾಸ್ತಿ ಮಡಚಿಕೊಳ್ಳುವುದು. ನಿಮ್ಮ ಆಫೀಸಿನ ಎಸಿಯಲ್ಲಿ ಚರ್ಮ ಒಣಗುತ್ತದೆ, ಒಳಗಿನ ಉಪ್ಪು ಹರಳುಗಟ್ಟುತ್ತದೆ. ಸಂಜೆ ಹೊರಗೆ ಬಂದರೆ ಮತ್ತೆ ಕರಗುತ್ತದೆ. ದಿನಕ್ಕೊಂದು ಸಲ ಹೀಗೆ ಆಗುವ ಜಾಗವನ್ನೇ ನೀವು ಮಡಚಿ ಬಿಚ್ಚುತ್ತಿದ್ದೀರಿ. ಚರ್ಮದ ಎಳೆ ಅಲ್ಲೇ ಮೊದಲು ಸೋಲುತ್ತದೆ.

ಹಾಗಾಗಿ ಒಣಗಿಸುವ ಮೊದಲು ಉಪ್ಪು ತೆಗೆಯಬೇಕು. ಇದಕ್ಕೆ ಬೇಕಾದ್ದು ಒಂದು ತುಂಡು ಬಟ್ಟೆ ಮತ್ತು ನೀರು, ಅಷ್ಟೆ. ವಿಚಿತ್ರ ಅನಿಸಬಹುದು, ಒದ್ದೆಯಿಂದ ಹಾಳಾಗುವ ವಸ್ತುವನ್ನು ಒದ್ದೆ ಬಟ್ಟೆಯಿಂದ ಒರೆಸಿ ಅನ್ನುತ್ತಿದ್ದೇನಲ್ಲ ಅಂತ. ಗಿರಾಕಿಗಳೂ ನನ್ನನ್ನು ಹಾಗೇ ನೋಡುತ್ತಾರೆ.

ಮನೆಗೆ ಬಂದ ಕೂಡಲೇ, ಕೈಕಾಲು ತೊಳೆಯುವ ಹೊತ್ತಿಗೇ ಮಾಡಿ. ಹಳೆಯ ಬನಿಯನ್ ಅಥವಾ ಪಂಚೆಯ ತುಂಡನ್ನು ಬರೀ ನೀರಿನಲ್ಲಿ ಅದ್ದಿ. ಒಂದು ಹನಿಯೂ ಬೀಳದ ಹಾಗೆ ಗಟ್ಟಿಯಾಗಿ ಹಿಂಡಿ. ಬೆಲ್ಟಿನ ಒಳಮೈಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒರೆಸಿ. ಬಟ್ಟೆ ತಿರುಗಿಸಿ ಇನ್ನೊಮ್ಮೆ ಒರೆಸಿ. ಅಂಚುಗಳನ್ನೂ, ತುದಿ ತೂರಿಸುವ ಆ ಸಣ್ಣ ಬಳೆಯ ಒಳಗನ್ನೂ ಬಿಡಬೇಡಿ. ಆಮೇಲೆ ಒಣ ಬಟ್ಟೆಯಲ್ಲಿ ಇಟ್ಟು ಒತ್ತಿ, ಉಜ್ಜಬೇಡಿ. ಎಲ್ಲಾ ಸೇರಿ ಒಂದು ನಿಮಿಷ. ಬಿಳಿ ಬಟ್ಟೆಯೇ ಇರಲಿ. ಅದಕ್ಕೆ ಹತ್ತುವ ಕಂದು ಕೊಳೆ ಕಂಡರೆ ನಾಳೆಯೂ ಒರೆಸುವ ಮನಸ್ಸು ತಾನಾಗಿ ಬರುತ್ತದೆ.

ವಾರಕ್ಕೊಮ್ಮೆ ಸ್ವಲ್ಪ ಹೆಚ್ಚು ಮಾಡಿ. ಒಂದು ಲೋಟ ನೀರಿಗೆ ಮಕ್ಕಳ ಶಾಂಪೂ ಒಂದೇ ಹನಿ ಹಾಕಿ ಕಲಕಿ. ಮೇಲೆ ಬಂದ ನೊರೆಯನ್ನು ಮಾತ್ರ ಬಟ್ಟೆಗೆ ತೆಗೆದುಕೊಂಡು ಒಳಮೈ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ ನೊರೆ ಬಿಡಿಸಿ. ಮೈ ಸೋಪು, ಬಟ್ಟೆ ಸೋಪು ಬೇಡ. ಹದ ಮಾಡಿದ ಚರ್ಮಕ್ಕೆ ಸ್ವಲ್ಪ ಹುಳಿ ಗುಣ ಇರುತ್ತದೆ, ಸೋಪು ಕ್ಷಾರ. ಪದೇ ಪದೇ ಹಾಕಿದರೆ ಚರ್ಮ ಬಿರುಸಾಗಿ ಬಣ್ಣವೂ ಬಿಡುತ್ತದೆ.

ಇದನ್ನೆಲ್ಲ ಮಾಡುವಾಗ ವಾಚಿಗೆ ನೀರು ತಾಗಬಾರದು. ನಿಮ್ಮದು ಹಳೆಯ ಎಚ್‌ಎಂಟಿ. ಆ ಕಾಲದ ವಾಚುಗಳು ನೀರು ತಡೆಯುವುದಕ್ಕೆ ಮಾಡಿದ್ದಲ್ಲ. ತಡೆಯುವಂಥದ್ದಾಗಿದ್ದರೂ ಒಳಗಿನ ರಬ್ಬರ್ ಇಷ್ಟು ವರ್ಷಕ್ಕೆ ಸತ್ತಿರುತ್ತದೆ. ಬೆಲ್ಟ್ ಬಿಚ್ಚಿಯೇ ಒರೆಸುವುದು ಒಳ್ಳೆಯದು. ಅದಕ್ಕೊಂದು ಉಪಾಯ ಇದೆ, ಮುಂದೆ ಹೇಳುತ್ತೇನೆ.

ಈಗ ಒಣಗಿಸುವ ವಿಷಯ. ಬಕಲ್ ಬಿಚ್ಚಿ, ಬೆಲ್ಟನ್ನು ಅಗಲವಾಗಿ ಬಿಡಿಸಿ, ಒಳಮೈ ಮೇಲಾಗಿಟ್ಟು ಫ್ಯಾನಿನ ಗಾಳಿ ತಾಗುವಲ್ಲಿ ರಾತ್ರಿಯಿಡೀ ಬಿಡಿ. ಬಿಸಿಲು ಬೇಡ. ಒಲೆಯ ಹತ್ತಿರ, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಯಾವುದೂ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಆಮೇಲೆ ಏನು ಹಚ್ಚಿದರೂ ಮೊದಲಿನ ಮೆದು ಬರುವುದಿಲ್ಲ. ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಂದು ಬೆಲ್ಟನ್ನು ಫ್ರಿಜ್ಜಿನ ಹಿಂದಿನ ಬಿಸಿ ಜಾಲರಿಯ ಮೇಲೆ ಒಣಗಲು ಹಾಕಿದ್ದೆ. ಬೆಳಗ್ಗೆ ನೋಡಿದರೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಗಿರಾಕಿಯದ್ದು ಬೇರೆ. ಹೊಸದು ಕೊಡಬೇಕಾಯಿತು.

ದಿನ ಬಿಟ್ಟು ದಿನ ಹಾಕಿದರೆ ಚರ್ಮದ ಬಾಳಿಕೆ ಹೆಚ್ಚುತ್ತದೆ. ಆದರೆ ಇಲ್ಲೂ ಊರಿನ ಲೆಕ್ಕ ಇದೆ. ಬೆಂಗಳೂರಿನ ಮಾರ್ಚ್‌ನಲ್ಲಿ ಒಂದು ರಾತ್ರಿ ಸಾಕು. ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ ಒಂದೆರಡು ಗಂಟೆಗೇ ಒಣಗುತ್ತದೆ, ಅಲ್ಲಿ ತೊಂದರೆ ಉಲ್ಟಾ, ಚರ್ಮ ಬರಡಾಗುತ್ತದೆ. ನಮ್ಮ ಕರಾವಳಿಯ ಜುಲೈಯಲ್ಲಿ ಎರಡು ದಿನ ಇಟ್ಟರೂ ಬೆಲ್ಟಿನ ನಡುವಿನ ಪದರ ಒಣಗಿದೆ ಅಂತ ಹೇಳುವಂತಿಲ್ಲ. ಸುತ್ತಲಿನ ಗಾಳಿಯೇ ಒದ್ದೆ ಇರುವಾಗ ಅದು ಎಲ್ಲಿಗೆ ನೀರು ಬಿಡಬೇಕು ಹೇಳಿ ಮಾರಾಯ್ರೇ? ನಾಲ್ಕು ತಿಂಗಳು ಚರ್ಮ ಬೇಡ ಅಂದದ್ದು ಇದಕ್ಕೇ.

ಆ ನಾಲ್ಕು ತಿಂಗಳು ಬೆಲ್ಟನ್ನು ಎಲ್ಲಿಡುವುದು? ಕಪಾಟು ಅತಿ ಕೆಟ್ಟ ಜಾಗ. ಕತ್ತಲು, ಗಾಳಿ ಇಲ್ಲ, ಪಕ್ಕದಲ್ಲಿ ಪೂರ್ತಿ ಒಣಗದ ಬಟ್ಟೆ. ಬಿಗಿಯಾದ ಮುಚ್ಚಳದ ಒಂದು ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಅದರಲ್ಲಿ 50 ಗ್ರಾಂ ಸಿಲಿಕಾ ಜೆಲ್ ಹಾಕಿ. ಶೂ ಡಬ್ಬಿಯಲ್ಲಿ ಬರುವ ಒಂದು ಸಣ್ಣ ಪೊಟ್ಟಣದಿಂದ ಏನೂ ಆಗುವುದಿಲ್ಲ. ಅದು ಅಂಗಡಿಯಿಂದ ನಿಮ್ಮ ಮನೆಗೆ ಬರುವಷ್ಟರಲ್ಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಬಣ್ಣ ಬದಲಾಗುವ ಕಿತ್ತಳೆ ಹರಳು ಸಿಕ್ಕಿದರೆ ಅದೇ ತನ್ನಿ. ಒದ್ದೆಯಾದಾಗ ಹಸಿರಿಗೆ ತಿರುಗುತ್ತದೆ, ಗೊತ್ತಾಗುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವುದೂ ಸಿಗುತ್ತದೆ. ಅದರ ಬಣ್ಣ ಕೋಬಾಲ್ಟ್‌ನದ್ದು, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ ಹರಳನ್ನು ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಡಬ್ಬಿಗೆ ಅಕ್ಕಿ ಹಾಕಿ ಇಡುವವರಿದ್ದಾರೆ. ನಮ್ಮೂರಿನ ಮಳೆಗಾಲದ ಅಕ್ಕಿಗೆ ತನ್ನ ತೇವವೇ ಜಾಸ್ತಿ, ಇನ್ನೊಬ್ಬರದ್ದು ಎಲ್ಲಿ ಎಳೆಯುತ್ತದೆ.

ಡಬ್ಬಿಗೆ ಹಾಕುವ ಮೊದಲು ಒರೆಸಿ ಉಪ್ಪು ತೆಗೆದಿರಬೇಕು, ನೆನಪಿರಲಿ. ತಿಂಗಳಿಗೊಮ್ಮೆ ತೆರೆದು ನೋಡಿ. ಬೆಲ್ಟ್ ಕೈಗೆ ಒಣಕಲು ಅನಿಸಿದರೆ ಹರಳು ಅರ್ಧ ತೆಗೆಯಿರಿ. ಚರ್ಮಕ್ಕೆ ಸ್ವಲ್ಪ ತೇವ ಬೇಕು. ಪೂರ್ತಿ ಒಣಗಿಸಿದರೆ ಅದಕ್ಕೂ ಬಿರುಕು ಬರುತ್ತದೆ.

ಇನ್ನು ತೆಂಗಿನೆಣ್ಣೆ. ಇದು ನಮ್ಮ ಕಡೆಯ ಸರ್ವರೋಗಕ್ಕೆ ಮದ್ದು, ಗೊತ್ತು. ವಾಚಿನ ಬೆಲ್ಟಿಗೆ ಮಾತ್ರ ಬೇಡ. ಅಡುಗೆ ಎಣ್ಣೆಗಳು ಚರ್ಮದೊಳಗೆ ನಿಂತು ಕಾಲಕ್ರಮೇಣ ಕಮಟಾಗುತ್ತವೆ, ಬಣ್ಣ ಕಪ್ಪಾಗಿಸುತ್ತವೆ, ಪದರಗಳನ್ನು ಹಿಡಿದಿರುವ ಅಂಟನ್ನು ಸಡಿಲ ಮಾಡುತ್ತವೆ. ನಿಮ್ಮ ಬೆಲ್ಟಿನಲ್ಲಿ ಉಪ್ಪು, ತೇವ ಮೊದಲೇ ಇತ್ತು, ಅದರ ಮೇಲೆ ಬೂಸ್ಟಿಗೆ ಊಟವನ್ನೂ ಬಡಿಸಿದ ಹಾಗಾಯಿತು. ಚರ್ಮಕ್ಕೆಂದೇ ಬರುವ ಕ್ರೀಮ್ ಇದೆ. ಅದನ್ನೂ ಅಕ್ಕಿ ಕಾಳಿನಷ್ಟೇ ತೆಗೆದುಕೊಂಡು ಹೊರಮೈಗೆ ಮಾತ್ರ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ನವೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಸಾಕು. ಮಳೆಗಾಲದಲ್ಲಿ ಬೇಡ. ಒಳಮೈಗೆ ಯಾವಾಗಲೂ ಬೇಡ, ಅಲ್ಲಿಗೆ ನಿಮ್ಮ ಕೈಯ ಎಣ್ಣೆಯೇ ಬೇಕಾದಷ್ಟು ಸಿಗುತ್ತದೆ.

ನಿಮ್ಮ ಬಿಳಿ ಪುಡಿಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಎಲ್ಲಾ ಬಿಳಿ ಬೂಸ್ಟಲ್ಲ. ಮೂರು ಇರಬಹುದು: ಉಪ್ಪು, ಕೊಬ್ಬು, ಬೂಸ್ಟು. ಮನೆಯಲ್ಲೇ ತಿಳಿಯಬಹುದು. ಒದ್ದೆ ಬೆರಳಿನಿಂದ ಒಂದು ಕಡೆ ಮುಟ್ಟಿ. ಥಟ್ಟನೆ ಕರಗಿ ಹೋದರೆ ಉಪ್ಪು. ನೀರಿಗೆ ಜಗ್ಗದಿದ್ದರೆ ಬೆರಳನ್ನು ಅಲ್ಲೇ ಒತ್ತಿ ಹಿಡಿದು ಬಿಸಿ ಮಾಡಿ. ಕರಗಿ ಚರ್ಮದೊಳಗೆ ಇಳಿದು ಹೋದರೆ ಅದು ಕೊಬ್ಬು. ಹದ ಮಾಡುವಾಗ ಚರ್ಮಕ್ಕೆ ಕುಡಿಸಿದ ಎಣ್ಣೆ ಅಥವಾ ನೀವು ಹಚ್ಚಿದ ಎಣ್ಣೆ ಹೀಗೆ ಮೇಲಕ್ಕೆ ಬಂದು ಹೆಪ್ಪುಗಟ್ಟುವುದುಂಟು. ತಂಪಾದಾಗಲೇ ಹೆಚ್ಚು ಕಾಣುತ್ತದೆ, ಒರೆಸಿದರೆ ಸಾಕು. ಎರಡೂ ಅಲ್ಲ, ಬೆಳಕಿಗೆ ಹಿಡಿದರೆ ಹತ್ತಿಯ ನೂಲಿನ ಹಾಗೆ ನಯವಾದ ರೋಮ ಕಾಣುತ್ತದೆ, ಹಳೆ ಗೋಣಿಯ ವಾಸನೆ ಬರುತ್ತದೆ ಅಂದರೆ ಬೂಸ್ಟು.

ಬೂಸ್ಟು ಬಂದದ್ದನ್ನು ಮನೆಯೊಳಗೆ ಉಜ್ಜಬೇಡಿ, ಪುಡಿ ಹಾರಿ ಕಪಾಟಿನ ಉಳಿದ ವಸ್ತುಗಳ ಮೇಲೆ ಕೂರುತ್ತದೆ. ಜಗಲಿಗೆ ತಂದು ಹಳೆ ಟೂತ್‌ಬ್ರಷ್‌ನಿಂದ ಹೊರಕ್ಕೆ ಉಜ್ಜಿ. ಮೆಡಿಕಲ್ ಶಾಪಿನಲ್ಲಿ ಸಿಗುವ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಸ್ವಲ್ಪ ತಾಗಿಸಿ ಒಳಮೈ ಒರೆಸಿ. ಹೊರಮೈಗೆ ಹಾಕುವ ಮೊದಲು ಬಕಲಿನ ಕೆಳಗೆ ಮರೆಯಾಗುವ ಜಾಗದಲ್ಲಿ ಒಮ್ಮೆ ಪರೀಕ್ಷಿಸಿ, ಕೆಲವು ಬೆಲ್ಟ್‌ಗಳ ಬಣ್ಣವೇ ಬಟ್ಟೆಗೆ ಬಂದುಬಿಡುತ್ತದೆ. ಆಮೇಲೆ ಎರಡು ದಿನ ಫ್ಯಾನಿನ ಕೆಳಗೆ. ಎರಡು ವಾರದೊಳಗೆ ಮತ್ತೆ ಬಂದರೆ ಬೂಸ್ಟು ನಡುವಿನ ಪದರಕ್ಕೆ ಇಳಿದಿದೆ ಅಂತ ಅರ್ಥ. ಎಸೆಯಿರಿ.

ನಡುವಿನ ಪದರ ಅಂದೆನಲ್ಲ, ನಿಮ್ಮ ಮೂರೂ ಬೆಲ್ಟ್ ಇಷ್ಟು ಬೇಗ ಹೋಗಲು ಅದೂ ಕಾರಣ ಇರಬೇಕು. ಕಡಿಮೆ ಬೆಲೆಯ ಬೆಲ್ಟಿನಲ್ಲಿ ಮೇಲೊಂದು ತೆಳು ಚರ್ಮ, ಕೆಳಗೊಂದು ತೆಳು ಪದರ, ದಪ್ಪ ಕಾಣಲಿ ಅಂತ ನಡುವೆ ರಟ್ಟು ಅಥವಾ ಸ್ಪಂಜು ಇಟ್ಟು ಅಂಟಿಸಿರುತ್ತಾರೆ. ತೂತಿನ ಮೂಲಕ ಬೆವರು ಒಳಗೆ ಹೋದರೆ ರಟ್ಟು ಕೊಳೆಯುತ್ತದೆ. ಹೊರಗೆ ಎಷ್ಟು ಒರೆಸಿದರೂ ವಾಸನೆ ಹೋಗುವುದಿಲ್ಲ. ಹಾಳಾದ ಬೆಲ್ಟನ್ನು ತೂತಿನ ಹತ್ತಿರ ಬ್ಲೇಡಿನಿಂದ ಅಡ್ಡ ಕತ್ತರಿಸಿ ನೋಡಿ. ಬೂದು ಬಣ್ಣದ ಕಾಗದದಂಥದ್ದು ಕಂಡರೆ ಅದೇ. ಮೇಲಿನ ಪದರ ಪ್ಲಾಸ್ಟಿಕ್ ಹಾಳೆಯ ಹಾಗೆ ಸುಲಿದು ಬಂದರೆ ಅದು ಚರ್ಮವೇ ಅಲ್ಲ, ಅಥವಾ ಕೆಳದರ್ಜೆಯ ಚರ್ಮದ ಮೇಲೆ ಬಣ್ಣದ ಹಾಳೆ ಅಂಟಿಸಿದ್ದು.

ನವೆಂಬರಿಗೆ ಹೊಸದು ಕೊಳ್ಳುವಾಗ ತೂತಿನ ಗೋಡೆ ನೋಡಿ ಕೊಳ್ಳಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯ ಎಳೆ ಕಂಡರೆ ಒಳ್ಳೆಯದು. ಒಂದೇ ತುಂಡು ಚರ್ಮದಲ್ಲಿ ಮಾಡಿದ, ಒಳಗೆ ಏನೂ ತುಂಬಿಸದ ತೆಳು ಬೆಲ್ಟ್ ನಮ್ಮ ಹವೆಗೆ ಸರಿ. ಬೇಗ ಒಣಗುತ್ತದೆ, ಬಿಡಿಸಿಕೊಳ್ಳಲು ಪದರವೇ ಇಲ್ಲ. ಮರದ ತೊಗಟೆ ಹಾಕಿ ಹದ ಮಾಡಿದ್ದು ಚೆಂದ, ಆದರೆ ನೀರು ಬಿದ್ದಲ್ಲೆಲ್ಲ ಕಲೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು ನೀರಿಗೆ ಹೆಚ್ಚು ತಡೆಯುತ್ತದೆ. ಚರ್ಮದ ಕೆಳಗೆ ರಬ್ಬರಿನ ಒಳಮೈ ಕೊಟ್ಟ ಬೆಲ್ಟೂ ಬರುತ್ತದೆ, ಕೈಗೆ ತಾಗುವುದು ರಬ್ಬರ್, ನೋಡುವವರಿಗೆ ಚರ್ಮ. ಬೆಲೆ ಜಾಸ್ತಿ. ನಿಮ್ಮ ಬೆವರು ಆ ಮಟ್ಟದ್ದಾದರೆ ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ಈಗ ಸಿಲಿಕೋನ್, ನೈಲಾನ್. ಜನ ಇವೆರಡನ್ನು ಒಂದೇ ಗುಂಪಿಗೆ ಸೇರಿಸುತ್ತಾರೆ. ಬೆವರಿನ ವಿಷಯದಲ್ಲಿ ಇವು ಎರಡು ಬೇರೆ ಜಾತಿ.

ಸಿಲಿಕೋನ್ ಏನನ್ನೂ ಹೀರುವುದಿಲ್ಲ. ಮಳೆಯಲ್ಲಿ ನೆನೆದು ಆಫೀಸಿಗೆ ಹೋಗಿ ಕರ್ಚೀಫಿನಲ್ಲಿ ಒರೆಸಿದರೆ ಮುಗಿಯಿತು, ಒದ್ದೆ ಇಲ್ಲ. ಬೂಸ್ಟು ಅಲ್ಲಿ ಸುಲಭಕ್ಕೆ ಕೂರುವುದಿಲ್ಲ. ಆದರೆ ಹೀರುವುದಿಲ್ಲ ಅಂದರೆ ಗಾಳಿಯನ್ನೂ ಬಿಡುವುದಿಲ್ಲ. ಬೆವರು ಬೆಲ್ಟಿನ ಕೆಳಗೆ, ನಿಮ್ಮ ಮೈ ಮೇಲೆಯೇ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನ ಸ್ಕೂಟರಿನಲ್ಲಿ ಬಿಗಿಯಾಗಿ ಕಟ್ಟಿದ ಸಿಲಿಕೋನ್ ಬೆಲ್ಟ್ ಬಿಚ್ಚಿ ನೋಡಿ. ಕೈ ನೀರಿನಲ್ಲಿ ನೆನೆಸಿಟ್ಟ ಹಾಗೆ ಬಿಳಿಚಿರುತ್ತದೆ. ಹಾಗೇ ಬಿಟ್ಟರೆ ಕೆಂಪಾಗಿ ತುರಿಸುತ್ತದೆ. ಹಾಗಾಗಿ ಸಿಲಿಕೋನ್ ಹಾಕುವವರು ಒಂದು ತೂತು ಸಡಿಲ ಹಾಕಬೇಕು, ಮಧ್ಯಾಹ್ನ ಊಟಕ್ಕೆ ಕೈ ತೊಳೆಯುವಾಗ ಬಿಚ್ಚಿ ಬೆಲ್ಟನ್ನೂ ಕೈಯನ್ನೂ ಒರೆಸಬೇಕು, ದಿನಾ ಬೆಲ್ಟನ್ನು ಬಿಡಿಸಿ ಸೋಪು ಹಾಕಿ ತೊಳೆದು ಪೂರ್ತಿ ಸೋಪು ಬಿಡಿಸಬೇಕು. ಒಳಮೈಯಲ್ಲಿ ಗಾಳಿಯಾಡಲು ಏರುತಗ್ಗು ಇರುವುದನ್ನೇ ಆರಿಸಿ. ಇನ್ನೊಂದು ದೋಷ: ಸಿಲಿಕೋನ್ ಎಳೆದರೆ ಹಿಗ್ಗುತ್ತದೆ, ಆದರೆ ಒಂದು ಸಣ್ಣ ಕಚ್ಚು ಬಿದ್ದರೆ ಅಲ್ಲಿಂದ ಸರ್ರನೆ ಹರಿದು ಹೋಗುತ್ತದೆ. ತೂತಿನ ಬಾಯಿಯಲ್ಲಿ, ಬೆಲ್ಟನ್ನು ವಾಚಿಗೆ ಹಿಡಿಸುವ ಪಿನ್ನು ಹೋಗುವ ತುದಿಯಲ್ಲಿ ಸೀಳು ಕಂಡ ದಿನವೇ ಬದಲಾಯಿಸಿ.

ನೈಲಾನ್ ಹಾಗಲ್ಲ. ನೈಲಾನ್ ದಾರ ತಾನು ಹೀರುವುದು ಸ್ವಲ್ಪವೇ. ನೇಯ್ಗೆಯ ಸಂದಿಯಲ್ಲಿ ಮಾತ್ರ ನೀರು ಚೆನ್ನಾಗಿ ನಿಲ್ಲುತ್ತದೆ. ಆ ಸಂದಿಯಿಂದಲೇ ಗಾಳಿಯೂ ಆಡುತ್ತದೆ. ಸೆಕೆಗಾಲದಲ್ಲಿ ಓಡಾಡುವಾಗ ಬೆವರು ಮೈಯಿಂದ ಬಟ್ಟೆಗೆ, ಬಟ್ಟೆಯಿಂದ ಗಾಳಿಗೆ ಹೋಗುತ್ತದೆ, ಕೈ ಅಂಟುವುದಿಲ್ಲ. ಅದೇ ಮಳೆಗಾಲದಲ್ಲಿ ಒಮ್ಮೆ ನೆನೆದರೆ ಒದ್ದೆ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಎಸಿಯಲ್ಲಿ ಕೂರಬೇಕು. ಒರೆಸಿದರೆ ಹೋಗುವ ನೀರಲ್ಲ ಅದು. ಬೇಸಗೆಗೆ ನೈಲಾನ್, ಮಳೆಗೆ ಸಿಲಿಕೋನ್ ಅಂದದ್ದು ಈ ವ್ಯತ್ಯಾಸಕ್ಕೆ. ಘಟ್ಟದ ಮೇಲೆ ಮೈಸೂರು, ಹುಬ್ಬಳ್ಳಿ ಕಡೆಯವರಾಗಿದ್ದರೆ ವರ್ಷವಿಡೀ ನೈಲಾನ್ ಸಾಕು ಅನ್ನುತ್ತಿದ್ದೆ.

ನೈಲಾನಿಗೂ ಉಪ್ಪು ಸೇರುತ್ತದೆ, ವಾಸನೆಯೂ ಬರುತ್ತದೆ. ಆದರೆ ಇದನ್ನು ಬಟ್ಟೆಯ ಹಾಗೆ ಒಗೆಯಬಹುದು. ವಾರಕ್ಕೊಮ್ಮೆ ವಾಚಿನಿಂದ ಬಿಡಿಸಿ ಒಂದು ಚೊಂಬು ಉಗುರುಬೆಚ್ಚನೆ ನೀರಿಗೆ ಚಿಟಿಕೆ ಸೋಪಿನ ಪುಡಿ ಹಾಕಿ ಹತ್ತು ನಿಮಿಷ ನೆನೆಸಿ, ಬ್ರಷ್‌ನಿಂದ ಉಜ್ಜಿ, ಎರಡು ನೀರಿನಲ್ಲಿ ಜಾಲಿಸಿ. ಟವೆಲಿನಲ್ಲಿ ಸುತ್ತಿ ಹಿಂಡಿ ಫ್ಯಾನಿಗೆ ಹಾಕಿ. ಎರಡು ಬೆಲ್ಟ್ ಇದ್ದರೆ ಚಿಂತೆಯೇ ಇಲ್ಲ. ತೀರಾ ದಪ್ಪ, ನುಣುಪು ನೇಯ್ಗೆಯದ್ದು ಬೇಡ, ಒಣಗಲು ಹೊತ್ತು ಹಿಡಿಯುತ್ತದೆ. ಜಡೆಯ ಹಾಗೆ ಹೆಣೆದ ತೆಳುವಾದ ಪೆರ್ಲಾನ್ ಬೆಲ್ಟ್ ಇದೆಯಲ್ಲ, ಅದಕ್ಕೆ ತೂತೇ ಇಲ್ಲ, ಬಕಲಿನ ಮುಳ್ಳು ಹೆಣಿಗೆಯ ನಡುವೆ ಎಲ್ಲಿ ಬೇಕಾದರೂ ಹೋಗುತ್ತದೆ. ಸೆಕೆಗೆ ಕೈ ಊದಿಕೊಂಡಾಗ ಅರ್ಧ ತೂತಿನಷ್ಟು ಸಡಿಲ ಮಾಡಿಕೊಳ್ಳಬಹುದು. ತೆಳುವಾದ ಹಳೆಯ ಎಚ್‌ಎಂಟಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ನೇಟೋ ಬೆಲ್ಟ್ ಅಂತ ಅಂಗಡಿಯಲ್ಲಿ ತೋರಿಸಬಹುದು. ಒಂದೇ ಉದ್ದ ಪಟ್ಟಿ, ವಾಚಿನ ಹೊಟ್ಟೆಯ ಕೆಳಗಿನಿಂದ ಹಾಯುತ್ತದೆ. 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನ ಸೈನಿಕರಿಗಾಗಿ ನಿಗದಿ ಮಾಡಿದ ಮಾದರಿ ಅದು. ಒಂದು ಬದಿಯ ಪಿನ್ನು ಕಳಚಿದರೂ ಇನ್ನೊಂದರಲ್ಲಿ ವಾಚ್ ನೇತಾಡುತ್ತದೆ, ಬೀಳುವುದಿಲ್ಲ. ಅಪ್ಪನ ವಾಚಿಗೆ ಈ ಗುಣ ದೊಡ್ಡದು. ಆದರೆ ವಾಚಿನ ಕೆಳಗೆ ಎರಡು ಪದರ ಬರುವುದರಿಂದ ವಾಚ್ ಎತ್ತರಕ್ಕೆ ಕೂರುತ್ತದೆ, ಬೆವರೂ ಎರಡು ಪದರದ ನಡುವೆ ನಿಲ್ಲುತ್ತದೆ. ಒಂದೇ ಪದರದ್ದು ಕೇಳಿ ತೆಗೆದುಕೊಳ್ಳಿ. ಪಿನ್ನು ಕಳಚಿದರೆ ಹಿಡಿಯುವ ಗುಣ ಅದಕ್ಕೂ ಇದೆ.

ಕೈ ತುರಿಕೆ. ಎಲ್ಲಿ ತುರಿಸುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಬಕಲ್ ತಾಗುವ ಜಾಗದಲ್ಲಿ ಮಾತ್ರ ಕೆಂಪಾಗಿದ್ದರೆ ಲೋಹದ ನಿಕ್ಕೆಲ್ ಒಗ್ಗದಿರಬಹುದು, ಬೆಲ್ಟ್ ಬದಲಾಯಿಸಿದರೂ ಅದೇ ಬಕಲ್ ಇದ್ದರೆ ತುರಿಕೆ ಇರುತ್ತದೆ. ಬೆಲ್ಟಿನ ಅಗಲಕ್ಕೆ ಸರಿಯಾಗಿ ಪಟ್ಟಿಯ ಹಾಗೆ ಇದ್ದರೆ ಬೆವರು ನಿಂತು ಆದದ್ದು, ಇಲ್ಲವೇ ಚರ್ಮದ ಬಣ್ಣವೋ ಕ್ರೋಮಿಯಮ್ಮೋ ಒಗ್ಗದ್ದು. ಕೆಲವರಿಗೆ ಕ್ರೋಮಿಯಂ ನಿಜವಾಗಿ ಆಗುವುದಿಲ್ಲ. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದರ ಕೆಟ್ಟ ರೂಪಕ್ಕೆ ಯುರೋಪಿನಲ್ಲಿ 2015ರಿಂದ ಕಾನೂನಿನ ಮಿತಿಯೇ ಇದೆ. ನೀವು ಒಂದು ವಾರ ಆ ಕೈಗೆ ಏನೂ ಕಟ್ಟಬೇಡಿ. ಪೂರ್ತಿ ಮಾಯವಾಗಿ, ತೊಳೆದ ನೈಲಾನ್ ಕಟ್ಟಿದಾಗಲೂ ಬಾರದಿದ್ದರೆ ಹಳೆಯ ಬೆಲ್ಟೇ ಕಾರಣ. ಒಂದು ವಾರಕ್ಕೆ ಕಡಿಮೆಯಾಗದಿದ್ದರೆ, ಉಂಗುರದ ಹಾಗೆ ಅಂಚು ಹರಡುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್‌ನಿಂದ ಸುಮ್ನೆ ಒಂದು ಟ್ಯೂಬ್ ತಂದು ಹಚ್ಚಬೇಡಿ.

ಈಗ ನಿಮ್ಮ ವಾಚಿಗೆ ಬರೋಣ. ಮೊದಲು ಎರಡು ಕೊಂಬಿನ ನಡುವಿನ ಅಂತರ ಸ್ಕೇಲಿನಲ್ಲಿ ಅಳೆಯಿರಿ. ಹಳೆಯ ಗಂಡಸರ ವಾಚುಗಳಲ್ಲಿ ಬಹಳಷ್ಟಕ್ಕೆ 18 ಮಿಲಿಮೀಟರ್ ಇರುತ್ತದೆ, ಆದರೂ ಅಳೆದೇ ಕೊಳ್ಳಿ. 20ರ ಬೆಲ್ಟನ್ನು ಒತ್ತಿ ತೂರಿಸಿದರೆ ಅಂಚು ಮುದುಡಿ ಅಲ್ಲೇ ಹರಿಯುತ್ತದೆ. ಚರ್ಮದ್ದು ಮತ್ತು ಸಿಲಿಕೋನ್ ಎರಡನ್ನೂ ಕ್ವಿಕ್ ರಿಲೀಸ್ ಪಿನ್ ಇರುವುದೇ ಕೇಳಿ. ಬೆಲ್ಟಿನ ಕೆಳಗೆ ಒಂದು ಸಣ್ಣ ಗುಂಡಿ ಇರುತ್ತದೆ, ಉಗುರಿನಿಂದ ಎಳೆದರೆ ಪಿನ್ನು ಕುಗ್ಗಿ ಬೆಲ್ಟ್ ಕೈಗೆ ಬರುತ್ತದೆ. ಮೇಲೆ ಹೇಳುತ್ತೇನೆ ಅಂದ ಉಪಾಯ ಇದೇ. ಅರ್ಧ ನಿಮಿಷದ ಕೆಲಸ, ನಮ್ಮಂಥ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆತ. ಒಂದೇ ಪಟ್ಟಿಯ ನೈಲಾನಿಗೆ ಮಾತ್ರ ವಾಚಿನಲ್ಲಿ ಮಾಮೂಲಿ ಪಿನ್ನು ಬೇಕು, ಪಟ್ಟಿ ಅದರ ಕೆಳಗಿನಿಂದ ಹಾಯುತ್ತದೆ.

ಮಳೆಗಾಲದಲ್ಲಿ ಸ್ಕೂಟರಿನಲ್ಲಿ ಹೋಗುವಾಗ ವಾಚ್ ಕೈಯಲ್ಲಿ ಬೇಡವೇ ಬೇಡ. ರೈನ್‌ಕೋಟಿನ ತೋಳಿನಿಂದ ಇಳಿಯುವ ನೀರು ಸೀದಾ ಕೀಲಿ ಕೊಡುವ ಗುಂಡಿಯ ಮೇಲೆ ಬೀಳುತ್ತದೆ. ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿನಲ್ಲಿ ಇಡಿ, ಆಫೀಸಿಗೆ ಹೋಗಿ ಕೈ ಒರೆಸಿಕೊಂಡು ಕಟ್ಟಿ. ಹಾಗಾದರೆ ಚರ್ಮವನ್ನೇ ಆಫೀಸಿನಲ್ಲಿ ಮಾತ್ರ ಹಾಕಬಹುದಲ್ಲ ಅಂತ ಕೇಳುತ್ತೀರಿ. ಸಂಜೆ ಹೊರಡುವಾಗ ಬಿಚ್ಚಿ ಅಲ್ಲೇ ಡ್ರಾಯರಿನಲ್ಲಿ ಬಿಟ್ಟು ಬರುವ ಶಿಸ್ತು ಇದ್ದರೆ ಹಾಕಬಹುದು. ಎಸಿ ಕೋಣೆ ಮನೆಗಿಂತ ಎಷ್ಟೋ ಒಣ ಜಾಗ. ಮೂರು ದಿನ ಬಿಡುತ್ತೀರಿ, ನಾಲ್ಕನೇ ದಿನ ಮರೆತು ಕಟ್ಟಿಕೊಂಡೇ ಬರುತ್ತೀರಿ. ನಾನೂ ಹಾಗೇ.

ಸೊಳ್ಳೆ ಕ್ರೀಮ್ ಹಚ್ಚಿದ ಕೈಯಿಂದ ಆ ವಾಚ್ ಮುಟ್ಟಬೇಡಿ. ಅಂಥ ಕೆಲವು ಕ್ರೀಮ್‌ಗಳಲ್ಲಿ ಡೀಟ್ ಎಂಬ ರಾಸಾಯನಿಕ ಇರುತ್ತದೆ, ಅದು ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಹಳೆಯ ಎಚ್‌ಎಂಟಿಗಳಲ್ಲಿ ಮೇಲಿನ ಗಾಜು ಅನ್ನುತ್ತೇವಲ್ಲ, ಅದು ಸಾಮಾನ್ಯವಾಗಿ ಗಾಜಲ್ಲ, ಅಕ್ರಿಲಿಕ್. ಬೆರಳಚ್ಚು ಮಂಜಾಗಿ ಉಳಿದುಬಿಡುತ್ತದೆ.

ಈಗಿರುವ ಮೂರನೆಯ ಬೆಲ್ಟನ್ನು ಉಳಿಸಲು ಹೋಗಬೇಡಿ. ಎಣ್ಣೆ ಒಳಗೆ ಇಳಿದಿದೆ, ತೂತು ಬಿರಿದಿದೆ, ಬಿಚ್ಚಿಕೊಂಡರೆ ವಾಚ್ ರಸ್ತೆಗೆ ಬೀಳುತ್ತದೆ. ಬಕಲ್ ಅಪ್ಪನ ಕಾಲದ್ದಾದರೆ ಅದನ್ನು ಮಾತ್ರ ಬಿಚ್ಚಿ ತೆಗೆದಿಡಿ, ಹೊಸ ಬೆಲ್ಟಿನ ಆ ತುದಿಯ ಅಗಲ ಸರಿ ಹೊಂದಿದರೆ ಕೂರಿಸಬಹುದು. ಹಳೆಯ ಪಿನ್ನು ಎರಡನ್ನೂ ಬದಲಾಯಿಸಿ. ಚಿಲ್ಲರೆ ಕಾಸಿನ ವಸ್ತು ಅದು. ಒಂದೂವರೆ ವರ್ಷ ಉಪ್ಪು ಕುಡಿದ ಪಿನ್ನಿನ ತುದಿ ತುಕ್ಕು ಹಿಡಿದು ಸವೆದಿರುತ್ತದೆ. ಬಿಚ್ಚಿದಾಗ ಬೆರಳಿನಲ್ಲಿ ಒತ್ತಿ ನೋಡಿ. ಸ್ಪ್ರಿಂಗ್ ಪುಟಿಯದೆ ಒಳಗೇ ಕೂತುಬಿಟ್ಟರೆ, ನಿಮ್ಮ ವಾಚ್ ಇಷ್ಟು ದಿನ ಕೈಯಲ್ಲಿ ನಿಂತದ್ದೇ ಅದೃಷ್ಟ.